ಫೈಲು ಕೊಟ್ಟ ಮೇಲೆ ಕೇಳುವ ಪ್ರಶ್ನೆ

ದಾವಣಗೆರೆಯ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿಗೆ ಜೂನ್ 6ರ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಇಂಥದೊಂದು ಸಂದೇಶ ಬಂತೆಂದು ಇಟ್ಟುಕೊಳ್ಳಿ. ಕಳಿಸಿದವರು ಎಂಟು ವರ್ಷದಿಂದ ಅಲ್ಲಿಯೇ ಲೆಕ್ಕಪತ್ರ ಮಾಡಿಸುತ್ತಿರುವ ಬಟ್ಟೆಯ ಹೋಲ್‌ಸೇಲ್ ವ್ಯಾಪಾರಿ.

“ಸರ್, ಈ ತಿಂಗಳಿಂದ ಜಿಎಸ್‌ಟಿ ಕೆಲಸ ಬೇರೆ ಕಡೆ ಕೊಡ್ತಾ ಇದ್ದೀವಿ. ತಪ್ಪು ತಿಳ್ಕೋಬೇಡಿ. ಫೀಸು ಸ್ವಲ್ಪ ಹೆಚ್ಚಾಗ್ತಿತ್ತು. ಫೈಲು ರೆಡಿ ಮಾಡಿಡಿ, ಹುಡುಗನ್ನ ಕಳಿಸ್ತೀನಿ.”

ಆಫೀಸಿನ ಫೀಸು ತಿಂಗಳಿಗೆ 2,500 ರೂಪಾಯಿ. ಪಕ್ಕದ ರಸ್ತೆಯಲ್ಲಿ ಹೊಸದಾಗಿ ತೆರೆದವರು 1,800ಕ್ಕೆ ಮಾಡಿಕೊಡುತ್ತಾರಂತೆ. ಇದಕ್ಕೆ ಏನೆಂದು ಉತ್ತರ ಬರೆಯಬೇಕು? ಸಣ್ಣಪುಟ್ಟ ವೃತ್ತಿ ನಡೆಸುವ ಎಲ್ಲರಿಗೂ ಇಂಥ ಸಂದೇಶ ಒಂದಲ್ಲ ಒಂದು ದಿನ ಬರುತ್ತದೆ. ತೆರಿಗೆ ಸಲಹೆಗಾರರ ಉದಾಹರಣೆಯನ್ನೇ ತೆಗೆದುಕೊಳ್ಳಲು ಕಾರಣವಿದೆ. ಇಲ್ಲಿ ಗ್ರಾಹಕರ ಕಾಗದಪತ್ರ, ಪಾಸ್‌ವರ್ಡು, ಕೆಲವೊಮ್ಮೆ ಒಟಿಪಿ ಬರುವ ಮೊಬೈಲ್ ನಂಬರ್ ಕೂಡ ಬಿಟ್ಟುಕೊಡಬೇಕಾದವರ ಕೈಯಲ್ಲೇ ಇರುತ್ತದೆ. ಹೋಗುವವರು ಇನ್ನೂ ನಮ್ಮ ಹಿಡಿತದಲ್ಲಿರುವಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಈ ಕೆಲಸದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮೊದಲು ಬಾಯಿಗೆ ಬರುವ ಉತ್ತರಗಳನ್ನು ನೋಡೋಣ. “ಏನಾಯ್ತು ಯಜಮಾನ್ರೆ, ಒಂದು ಮಾತು ಮೊದಲೇ ಹೇಳಬಾರದಿತ್ತಾ?” ಎಂದು ಕೇಳುವುದು ಸಹಜ. ಆದರೆ ಈ ಪ್ರಶ್ನೆಗೆ ವ್ಯಾಪಾರಿ ಈಗಾಗಲೇ ಉತ್ತರ ಕೊಟ್ಟಿದ್ದಾರೆ. ಮತ್ತೆ ಕೇಳಿದರೆ ಅವರಿಗೆ ಮುಜುಗರವಾಗಿ ಅದೇ ಉತ್ತರವನ್ನು ಇನ್ನಷ್ಟು ಗಟ್ಟಿ ಮಾಡುತ್ತಾರೆ. “ನಾವೂ 1,800ಕ್ಕೆ ಮಾಡ್ತೀವಿ, ಹೋಗಬೇಡಿ” ಎನ್ನುವುದು ಎರಡನೆಯದು. ಇಷ್ಟು ವರ್ಷ ತಿಂಗಳಿಗೆ 700 ರೂಪಾಯಿ ಸುಮ್ಮನೆ ಹೆಚ್ಚು ತೆಗೆದುಕೊಂಡೆವು ಎಂದು ನಾವೇ ಬರೆದುಕೊಟ್ಟ ಹಾಗೆ ಅದು. ಹೊಸಬರ ಬಗ್ಗೆ “ನೋಟಿಸ್ ಬಂದಾಗ ಅವರು ಫೋನ್ ಎತ್ತಲ್ಲ, ನೋಡ್ತಿರಿ” ಎನ್ನುವುದು ಮೂರನೆಯದು. ವ್ಯಾಪಾರಿ ನಾಲ್ಕು ಕಡೆ ವಿಚಾರಿಸಿ ತೀರ್ಮಾನ ಮಾಡಿರುತ್ತಾರೆ, ಆ ತೀರ್ಮಾನವನ್ನೇ ಹೀಗಳೆದರೆ ಮಾತು ಅಲ್ಲಿಗೆ ಮುಗಿಯುತ್ತದೆ. ನಾಲ್ಕನೆಯದು ಏನೂ ಬರೆಯದೆ ಸುಮ್ಮನಿದ್ದು, ಹುಡುಗ ಬಂದಾಗ “ಹಳೇ ಬಾಕಿ ಕ್ಲಿಯರ್ ಮಾಡೋಕೆ ಹೇಳು” ಎಂದು ಬರಿಗೈಲಿ ಕಳಿಸುವುದು. ನನ್ನ ಪ್ರಕಾರ ನಾಲ್ಕರಲ್ಲಿ ಇದೇ ಕೆಟ್ಟದ್ದು.

ಬಾಕಿಗೂ ಫೈಲಿಗೂ ಗಂಟು ಹಾಕುವ ಚಾಳಿ ನಮ್ಮಲ್ಲಿ ಬಹಳ ಹಳೆಯದು. ವಕೀಲರ ವಿಷಯದಲ್ಲಿ ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲೇ, ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ, ಶುಲ್ಕ ಬಾಕಿ ಇದೆಯೆಂದು ಕಕ್ಷಿದಾರರ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಹೇಳಿತು. ಜಿಎಸ್‌ಟಿ ಬಂದ ಮೇಲೆ ಇದೇ ತೊಂದರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು. 2017ರಲ್ಲಿ ನೋಂದಣಿಯ ಗಡಿಬಿಡಿಯಲ್ಲಿ ಎಷ್ಟೋ ಮಧ್ಯವರ್ತಿಗಳು ವ್ಯಾಪಾರಿಯ ಬದಲು ತಮ್ಮದೇ ಇ-ಮೇಲ್, ತಮ್ಮದೇ ಮೊಬೈಲ್ ನಂಬರ್ ಹಾಕಿಬಿಟ್ಟಿದ್ದರು. ಆಮೇಲೆ ವ್ಯಾಪಾರಿ ಲಾಗಿನ್ ಕೇಳಿದರೆ ಕೊಡುತ್ತಿಲ್ಲ ಎಂಬ ದೂರುಗಳು ಬಂದು, 2018ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಪ್ರಕಟಣೆ ಹೊರಡಿಸಬೇಕಾಯಿತು. ಅಂಥ ವ್ಯಾಪಾರಿಗಳು ದಾಖಲೆ ಹಿಡಿದು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಿ ನಂಬರ್ ಬದಲಿಸಿಕೊಳ್ಳುವ ದಾರಿಯನ್ನು ಅದರಲ್ಲಿ ತೋರಿಸಲಾಯಿತು. ಊರಿನ ಬಜಾರಿನಲ್ಲಿ ಇಂಥ ಕಥೆಗಳು ಬೇಗ ಹಬ್ಬುತ್ತವೆ. ಹಾಗಾಗಿಯೇ, ಕನ್ಸಲ್ಟೆಂಟ್ ಬದಲಿಸುವ ವ್ಯಾಪಾರಿಗೆ ಒಳಗೊಳಗೆ ಒಂದು ಭಯ ಇದ್ದೇ ಇರುತ್ತದೆ: ಇವರು ಸಿಟ್ಟಾದರೆ ನನ್ನ ಕೆಲಸ ನಿಂತುಹೋಗುತ್ತದೆ.

ನಾನು ಹೇಳಬೇಕೆಂದಿರುವುದು ಆ ಭಯದ ಬಗ್ಗೆಯೇ. “ಫೀಸು ಸ್ವಲ್ಪ ಹೆಚ್ಚಾಗ್ತಿತ್ತು” ಎಂಬ ಮಾತು ಆ ಭಯ, ದಾಕ್ಷಿಣ್ಯ ಎರಡೂ ಸೇರಿ ಬಂದದ್ದು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಫೈಲು ಇನ್ನೂ ನಮ್ಮ ಕಪಾಟಿನಲ್ಲಿ ಇರುವವರೆಗೆ ಅವರಿಂದ ಬೇರೆ ಉತ್ತರ ಬರಲಾರದು. ನಿಜವಾದ ಅಭಿಪ್ರಾಯ ಬೇಕೆಂದರೆ ಮೊದಲು ಅವರನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು, ಆಮೇಲೆ ಕೇಳಬೇಕು. ಸೌಜನ್ಯದ ಉತ್ತರ ಮತ್ತು ಪ್ರಾಮಾಣಿಕ ಅಭಿಪ್ರಾಯ ಎರಡೂ ಒಂದಕ್ಕೊಂದು ಕಟ್ಟಿಕೊಂಡಿರುವುದು ಹೀಗೆ.

ಹಾಗಾದರೆ ಅದೇ ಸಂಜೆ, ತಪ್ಪಿದರೆ ಮರುದಿನ ಬೆಳಿಗ್ಗೆಯೊಳಗೆ, ಹೋಗಬೇಕಾದ ಉತ್ತರ ಹೀಗಿರಬಹುದು:

“ಯಜಮಾನ್ರಿಗೆ ನಮಸ್ಕಾರ. ನಿಮ್ಮ ಮೆಸೇಜು ನೋಡಿದೆ. ಎಂಟು ವರ್ಷ ಅಂಗಡಿಯ ಲೆಕ್ಕ ನಮ್ಮನ್ನು ನಂಬಿ ಕೊಟ್ಟಿದ್ದಿರಿ, ಅದಕ್ಕೆ ನಾವು ಋಣಿ. ಕೆಲಸ ಎಲ್ಲಿ ಕೊಡಬೇಕೆಂಬುದು ನಿಮಗೆ ಬಿಟ್ಟದ್ದು, ತಪ್ಪು ತಿಳಿಯುವಂಥದ್ದೇನೂ ಇಲ್ಲ.

ಮೇ ತಿಂಗಳ ಜಿಎಸ್‌ಟಿಆರ್-1 ಜೂನ್ 11ರೊಳಗೆ, 3ಬಿ 20ರೊಳಗೆ ಹೋಗಬೇಕು. ಮೇ ಬಿಲ್ಲುಗಳ ಎಂಟ್ರಿ ನಮ್ಮಲ್ಲಿ ಆಗಿದೆ, ಹಾಗಾಗಿ ಇವೆರಡನ್ನು ನಾವೇ ಮುಗಿಸಿಕೊಡಬಹುದು. ಹೊಸ ಆಫೀಸಿನವರೇ ಮಾಡುವುದಾದರೆ ನಾಳೆ ಮಧ್ಯಾಹ್ನದೊಳಗೆ ಒಂದು ಮಾತು ತಿಳಿಸಿ, ಸಂಜೆಯೇ ಡೇಟಾ ಕಳಿಸುತ್ತೇವೆ. ಜೂನ್ ತಿಂಗಳಿಂದ ಮುಂದಿನದೆಲ್ಲ ಅವರದು.

10ನೇ ತಾರೀಕು ಟ್ಯಾಲಿ ಬ್ಯಾಕಪ್, ಈವರೆಗಿನ ರಿಟರ್ನುಗಳ ಪ್ರತಿ, ಖರೀದಿ ಬಿಲ್ಲಿನ ಫೈಲುಗಳು ರೆಡಿ ಇರುತ್ತವೆ. ಜಿಎಸ್‌ಟಿ ಪೋರ್ಟಲಿನಲ್ಲಿ ನಮ್ಮ ಆಫೀಸಿನ ಮೊಬೈಲ್ ನಂಬರ್ ಇದೆ. ಅದನ್ನು ನಿಮ್ಮ ನಂಬರಿಗೆ ಬದಲಿಸಬೇಕು, ನೀವೇ ಒಮ್ಮೆ ಬಂದರೆ ಎದುರಿಗೇ ಮಾಡಿಕೊಡುತ್ತೇವೆ.

ಏಪ್ರಿಲ್, ಮೇ ಫೀಸಿನ ಬಿಲ್ಲು ಬೇರೆ ಕಳಿಸುತ್ತೇನೆ. ಫೈಲಿಗೂ ಅದಕ್ಕೂ ಸಂಬಂಧವಿಲ್ಲ. ನಾವು ಮಾಡಿದ ವರ್ಷಗಳ ಬಗ್ಗೆ ಮುಂದೆ ನೋಟಿಸ್ ಬಂದರೆ ಫೋನ್ ಮಾಡಿ.

ಎಲ್ಲ ಮುಗಿದ ಮೇಲೆ ಜುಲೈನಲ್ಲಿ ಒಮ್ಮೆ ಹತ್ತು ನಿಮಿಷ ನಿಮ್ಮ ಹತ್ತಿರ ಮಾತಾಡಬೇಕೆಂದಿದೆ. ವಾಪಸ್ ಬನ್ನಿ ಎನ್ನುವುದಕ್ಕಲ್ಲ. ನಮ್ಮ ಕೆಲಸದಲ್ಲಿ ನಿಮಗೆ ಎಲ್ಲಿ ತೊಂದರೆಯಾಯಿತೆಂದು ತಿಳಿದುಕೊಳ್ಳುವುದಕ್ಕೆ. ಬೇಡವೆನಿಸಿದರೆ ಅದೂ ಸರಿ.”

ಪತ್ರದಲ್ಲಿ ಕೃತಜ್ಞತೆಗೆ ಒಂದೇ ಸಾಲು. ಉಳಿದದ್ದೆಲ್ಲ ತಾರೀಕು, ಕಾಗದ, ಯಾರು ಏನು ಮಾಡಬೇಕು ಎಂಬುದು. ಭಯದಲ್ಲಿರುವವರಿಗೆ “ನಮ್ಮ ಬಾಗಿಲು ಸದಾ ತೆರೆದಿರುತ್ತದೆ” ಎಂಬ ಮಾತಿಗಿಂತ “10ನೇ ತಾರೀಕು ಫೈಲು ರೆಡಿ” ಎಂಬ ಮಾತು ಹೆಚ್ಚು ಸಮಾಧಾನ ಕೊಡುತ್ತದೆ.

ಮೇ ತಿಂಗಳ ರಿಟರ್ನು ಯಾರದು ಎಂದು ಬರೆದು ಇತ್ಯರ್ಥ ಮಾಡಿಕೊಳ್ಳುವುದು ಸಣ್ಣ ವಿಷಯವೆಂದು ಕಾಣಬಹುದು. ಆಫೀಸು ಬದಲಾಗುವಾಗ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ. ಹಳಬರು “ಇನ್ನು ನಮ್ಮದಲ್ಲ” ಎಂದುಕೊಳ್ಳುತ್ತಾರೆ, ಹೊಸಬರು “ಹಿಂದಿನ ತಿಂಗಳದ್ದು ಅವರೇ ಮಾಡ್ತಾರೆ” ಎಂದುಕೊಳ್ಳುತ್ತಾರೆ. 11ನೇ ತಾರೀಕು ದಾಟಿ ಜಿಎಸ್‌ಟಿಆರ್-1 ಹೋದರೆ, ಈ ಹೋಲ್‌ಸೇಲರ ಹತ್ತಿರ ಬಟ್ಟೆ ಕೊಂಡ ಹರಿಹರ, ರಾಣೆಬೆನ್ನೂರಿನ ಅಂಗಡಿಯವರಿಗೆ ಆ ತಿಂಗಳ 2ಬಿಯಲ್ಲಿ ಬಿಲ್ಲು ಕಾಣುವುದಿಲ್ಲ, ಅವರ ತೆರಿಗೆ ಕ್ರೆಡಿಟ್ ಮುಂದಕ್ಕೆ ಹೋಗುತ್ತದೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಇಷ್ಟಾದ ಮೇಲೆ ಅಭಿಪ್ರಾಯ ಕೇಳಲು ಫೋನ್ ಮಾಡಿದರೆ ಏನು ಸಿಗುತ್ತದೆಂದು ಊಹಿಸಬಹುದು.

ಪೋರ್ಟಲಿನ ಮೊಬೈಲ್ ನಂಬರಿನ ವಿಷಯವನ್ನು ಅವರು ಕೇಳುವ ಮೊದಲೇ ನಾವೇ ಎತ್ತಿರುವುದನ್ನೂ ಗಮನಿಸಿ. ಫೈಲು ತರಲು ಬರುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಎಷ್ಟೋ ಸಲ ವ್ಯಾಪಾರಿಗೂ ಗೊತ್ತಿರುವುದಿಲ್ಲ. ಹೊಸ ಆಫೀಸಿನವರು 20ರ ರಾತ್ರಿ ಒಟಿಪಿಗಾಗಿ ಕಾಯುತ್ತ ಕೂತಾಗಲೇ ಅದು ಹಳೆಯ ಆಫೀಸಿನ ಫೋನಿಗೆ ಹೋಗುತ್ತಿದೆ ಎಂದು ತಿಳಿಯುವುದು. ಕಂಪನಿಯಾಗಿದ್ದರೆ ಡಿಜಿಟಲ್ ಸಹಿಯ ಟೋಕನ್ ಕೂಡ ಕೈಗೆ ಕೊಟ್ಟು ಸಹಿ ಪಡೆಯಬೇಕು.

ಗ್ರಾಹಕರ ಲೆಕ್ಕ ಆಡಿಟ್ ಆಗುವಂಥದ್ದಾಗಿದ್ದು, ಇಬ್ಬರೂ ಚಾರ್ಟರ್ಡ್ ಅಕೌಂಟೆಂಟರಾಗಿದ್ದರೆ ಇನ್ನೊಂದು ವಿಧಿ ಇದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲ ಅನುಸೂಚಿಯಂತೆ, ಹಿಂದಿನ ಆಡಿಟರಿಗೆ ಲಿಖಿತವಾಗಿ ತಿಳಿಸದೆ ಹೊಸಬರು ಆ ಆಡಿಟ್ ಒಪ್ಪಿಕೊಳ್ಳುವಂತಿಲ್ಲ, ಒಪ್ಪಿಕೊಂಡರೆ ಅದು ವೃತ್ತಿಯ ದುರ್ನಡತೆ ಎನಿಸುತ್ತದೆ. ಆಪತ್ತಿನ ಸಂಗತಿ ಏನಾದರೂ ಇದ್ದರೆ ಹಳಬರು ತಿಳಿಸಲಿ ಎಂಬುದು ಅದರ ಉದ್ದೇಶ. ಆ ಪತ್ರ ಬಂದಾಗ ವಾರಗಟ್ಟಲೆ ಇಟ್ಟುಕೊಂಡು ಕೂರದೆ, ಹೇಳಬೇಕಾದದ್ದಿದ್ದರೆ ಹೇಳಿ ಕಳಿಸಬೇಕು. ಸ್ಪರ್ಧಿಯ ಎದುರು ನಾವು ತೋರಿಸುವ ಮರ್ಯಾದೆ ಗ್ರಾಹಕರ ಕಿವಿಗೂ ಬೀಳುತ್ತದೆ.

ಇನ್ನು ಜುಲೈನ ಆ ಹತ್ತು ನಿಮಿಷಕ್ಕೆ ಬರೋಣ. ಫೀಸೇ ಕಾರಣವೆಂದು ಅವರು ಹೇಳಿಯಾಗಿದೆ, ಮತ್ತೇಕೆ ಕೇಳಬೇಕು? ಅಮೆರಿಕದ ಸಂಶೋಧಕಿ ಸೂಸನ್ ಕೀವ್ನಿ 1995ರಲ್ಲಿ ‘ಜರ್ನಲ್ ಆಫ್ ಮಾರ್ಕೆಟಿಂಗ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಸೇವೆ ಕೊಡುವವರನ್ನು ಬದಲಿಸಿದ 500ಕ್ಕೂ ಹೆಚ್ಚು ಜನರನ್ನು, ಆಗ ಏನೇನು ನಡೆಯಿತೆಂದು ಅವರದೇ ಮಾತಿನಲ್ಲಿ ಹೇಳುವಂತೆ ಆಕೆ ಕೇಳಿದರು. ಹೆಚ್ಚು ಜನರ ಕಥೆಯಲ್ಲಿ, ಅಂದರೆ ಶೇ. 44ರಷ್ಟರಲ್ಲಿ, ಬಂದದ್ದು ಮೂಲ ಕೆಲಸದಲ್ಲೇ ಆದ ತಪ್ಪು: ಲೆಕ್ಕ ತಪ್ಪಿದ್ದು, ಬಿಲ್ಲು ತಪ್ಪಿದ್ದು, ಕೆಲಸ ಕೆಟ್ಟದ್ದು. ಎರಡನೆಯದು ಎದುರಿಗಿದ್ದ ಸಿಬ್ಬಂದಿ ನಡೆದುಕೊಂಡ ರೀತಿ. ಬೆಲೆ ಮೂರನೆಯದು, ಸುಮಾರು ಶೇ. 30. ಅದೂ ಬಹುಪಾಲು ಬೇರೆ ಕಾರಣಗಳ ಜೊತೆಗೆ ಸೇರಿಕೊಂಡೇ ಬಂದಿತ್ತು. ಅದು ಅಮೆರಿಕದ ಗ್ರಾಹಕರ ಕಥೆ, ಮೂವತ್ತು ವರ್ಷ ಹಳೆಯದು, ನಮ್ಮ ಬಜಾರಿಗೆ ಅಂಕಿಗಳನ್ನು ಹಾಗೇ ತಂದು ಅಂಟಿಸಲಾಗದು. ಆದರೂ ಬೆಲೆಯೊಂದೇ ಕಾರಣವಾಗಿರುವುದು ಕಡಿಮೆ ಎಂಬ ಅದರ ತಿಳಿವು ನಮಗೂ ಒದಗುತ್ತದೆ. 700 ರೂಪಾಯಿ ವ್ಯತ್ಯಾಸ ಆರೇಳು ವರ್ಷ ಕಾಡದ ವ್ಯಾಪಾರಿಗೆ ಈಗ ಕಾಡಿತೆಂದರೆ, ಅದನ್ನು ಲೆಕ್ಕ ಹಾಕುವಂತೆ ಮಾಡಿದ ಘಟನೆ ಬೇರೆ ಏನೋ ಇದೆ.

ಆ ಘಟನೆಯನ್ನು ಹುಡುಕುವ ಬಗೆಯನ್ನು ರೂಢಿಸಿದವರಲ್ಲಿ ಅಮೆರಿಕದ ಬಾಬ್ ಮೋಸ್ಟಾ ಒಬ್ಬರು. “ಯಾಕೆ ಬಿಟ್ಟಿರಿ?” ಎಂದು ಅವರು ಕೇಳುವುದಿಲ್ಲ. ಬದಲಿಸಬೇಕೆಂಬ ಯೋಚನೆ ಮೊದಲ ಸಲ ಬಂದದ್ದು ಯಾವಾಗ, ಆ ದಿನ ಏನು ನಡೆದಿತ್ತು, ಆಮೇಲೆ ಯಾರ ಹತ್ತಿರ ಮಾತಾಡಿದಿರಿ ಎಂದು ಹಿಂದಿನಿಂದ ಒಂದೊಂದಾಗಿ ಕೇಳುತ್ತ ಬರುತ್ತಾರೆ. “ಯಾಕೆ” ಎಂದರೆ ಮನುಷ್ಯ ಸಮರ್ಥನೆಗೆ ಇಳಿಯುತ್ತಾನೆ. “ಯಾವಾಗ, ಏನಾಯಿತು” ಎಂದರೆ ನೆನಪು ಹೇಳುತ್ತಾನೆ. ನೆನಪಿಗೆ ದಾಕ್ಷಿಣ್ಯ ಕಡಿಮೆ.

ಫೋನ್ ಯಾರು ಮಾಡಬೇಕೆಂಬುದೂ ಮುಖ್ಯ. ಆ ಅಂಗಡಿಯ ಕೆಲಸ ನೋಡುತ್ತಿದ್ದ ಹುಡುಗ ಅಥವಾ ಹುಡುಗಿ ಖಂಡಿತ ಬೇಡ. ಅವರ ಹೊಟ್ಟೆಗೆ ಹೊಡೆಯಬಾರದೆಂದು ಯಜಮಾನರು ಎಲ್ಲ ಚೆನ್ನಾಗಿತ್ತು ಎನ್ನುತ್ತಾರೆ. ಆಫೀಸಿನ ಹಿರಿಯರೇ ಮಾಡಬೇಕು. ಬೆಳಿಗ್ಗೆ ಅಂಗಡಿ ತೆಗೆದು ಪೂಜೆಯಾಗಿ ಗಿರಾಕಿ ಇನ್ನೂ ಬರದ ಹೊತ್ತು ಒಳ್ಳೆಯದು. ತಿಂಗಳಲ್ಲಿ 11ರಿಂದ 20ರ ನಡುವಿನ ದಿನ ಬೇಡ. ಜುಲೈ 21ರ ನಂತರ ಮಾಡಿದರೆ ಹೊಸ ಆಫೀಸಿನಲ್ಲಿ ಒಂದು ತಿಂಗಳ ರಿಟರ್ನು ಮುಗಿದಿರುತ್ತದೆ, ಹೋಲಿಸಿ ನೋಡಲು ಅವರಿಗೂ ಏನಾದರೂ ಇರುತ್ತದೆ.

ಮಾತು ಹೀಗೆ ಸಾಗಬಹುದು.

“ಯಜಮಾನ್ರೆ, ಬೇರೆ ಕಡೆ ಕೇಳೋಣ ಅಂತ ನಿಮಗೆ ಮೊದಲು ಅನ್ನಿಸಿದ್ದು ಯಾವಾಗ?”

“ಅದೇನಿಲ್ಲ ಬಿಡಿ ಸರ್, ಫೀಸು...”

“ಫೀಸಿನ ವಿಷಯ ಸರಿ. ಅದನ್ನ ಲೆಕ್ಕ ಹಾಕಿದ್ದು ಯಾವಾಗ? ಈ ವರ್ಷವಾ, ಹೋದ ವರ್ಷವಾ?”

ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಗ ನಾವೂ ಸುಮ್ಮನಿರಬೇಕು.

“ಮಾರ್ಚ್‌ನಲ್ಲಿ ಸರ್. 19ನೇ ತಾರೀಕು ರಾತ್ರಿ ಒಂಬತ್ತೂವರೆಗೆ ನಿಮ್ಮ ಆಫೀಸಿಂದ ಮೆಸೇಜ್ ಬಂತು, ನಾಳೆ 1,80,000 ಕಟ್ಟಬೇಕು ಅಂತ. ಮದುವೆ ಸೀಸನ್ನಿಗೆ ಮಾಲು ತಂದು ಕೈ ಖಾಲಿ ಮಾಡ್ಕೊಂಡು ಕೂತಿದ್ದೆ. ಬೆಳಿಗ್ಗೆ ಎದ್ದು ಪಕ್ಕದಂಗಡಿಯವರ ಹತ್ರ ಕೈಗಡ ತಗೊಂಡೆ. ಎರಡು ದಿನ ಮೊದಲು ಗೊತ್ತಾಗಿದ್ರೆ ರಾಣೆಬೆನ್ನೂರಿಂದ ಬರಬೇಕಾದ ಬಾಕಿ ವಸೂಲಿ ಮಾಡ್ಕೋತಿದ್ದೆ.”

ಈ ಘಳಿಗೆಯಲ್ಲಿ “ಅಯ್ಯೋ, ನಿಮ್ಮ ಹುಡುಗ ಬಿಲ್ಲು ಕೊಟ್ಟಿದ್ದೇ 17ಕ್ಕೆ” ಎಂದು ಬಾಯಿ ತುದಿಗೆ ಬರುತ್ತದೆ. ಅದು ನಿಜವೂ ಇರಬಹುದು. ಆದರೆ ಹಾಗೆಂದ ಕೂಡಲೇ ಅವರು “ಹೌದು ಬಿಡಿ ಸರ್, ನಮ್ಮದೂ ತಪ್ಪಿತ್ತು” ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. “ಆಮೇಲೆ?” ಎನ್ನಬೇಕು, ಅಷ್ಟೇ.

“ಆಮೇಲೆ ಏಪ್ರಿಲ್‌ನಲ್ಲೂ ಹಾಗೇ ಆಯ್ತು. ಮೊದಲೆಲ್ಲ ನಿಮ್ಮಲ್ಲಿದ್ದ ಆ ಮೇಡಂ 15ಕ್ಕೇ ಫೋನ್ ಮಾಡಿ ಅಂದಾಜು ಹೇಳೋರು. ಅವರು ಬಿಟ್ಟ ಮೇಲೆ ಯಾರೂ ಹೇಳಲಿಲ್ಲ.”

ಇಲ್ಲಿಗೆ ಕಥೆ ಬೇರೆಯೇ ಆಯಿತು. 700 ರೂಪಾಯಿ ಎಲ್ಲೋ ಹಿಂದೆ ಉಳಿಯಿತು. ಫೋನಿಟ್ಟ ಮೇಲೆ ಅವರ ಮಾತನ್ನು ಅವರದೇ ಶಬ್ದದಲ್ಲಿ ಬರೆದಿಡಬೇಕು. “ಸಂವಹನದ ಕೊರತೆ” ಎಂದು ಬರೆದುಕೊಂಡರೆ ಎಲ್ಲ ಮುಗಿಯಿತು, ಅದರಿಂದ ಯಾರೂ ಏನೂ ಮಾಡಲಾಗುವುದಿಲ್ಲ. “19ರ ರಾತ್ರಿ ಒಂಬತ್ತೂವರೆಗೆ ಮೆಸೇಜ್” ಎಂದು ಬರೆದುಕೊಂಡರೆ ಪರೀಕ್ಷಿಸಬಹುದು. ಆಫೀಸಿನ ವಾಟ್ಸ್ಆ್ಯಪ್ ತೆಗೆದು, ಕಳೆದ ನಾಲ್ಕು ತಿಂಗಳು ಯಾವ ಯಾವ ಅಂಗಡಿಗೆ ಯಾವ ತಾರೀಕು ಕಟ್ಟಬೇಕಾದ ಮೊತ್ತ ತಿಳಿಸಿದೆವೆಂದು ನೋಡಿದರೆ ಸಾಕು, ಅರ್ಧ ದಿನದ ಕೆಲಸ. ಆ ಮೇಡಂ ಮಾಡುತ್ತಿದ್ದದ್ದು ಯಾವ ಪಟ್ಟಿಯಲ್ಲೂ ಇರಲಿಲ್ಲ, ಅವರ ರೂಢಿಯಲ್ಲಿತ್ತು, ಅವರೊಂದಿಗೇ ಹೋಯಿತು ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

2ಬಿ ಪೋರ್ಟಲಿನಲ್ಲಿ ಬರುವುದೇ 14ನೇ ತಾರೀಕು. ಖರೀದಿ ಬಿಲ್ಲುಗಳನ್ನು ಅದರೊಂದಿಗೆ ತಾಳೆ ಹಾಕದೆ ಕೊನೆಯ ಮೊತ್ತ ಹೇಳಲಾಗದು. ಹಾಗಾಗಿ ಎಲ್ಲರಿಗೂ 15ಕ್ಕೇ ಪಕ್ಕಾ ಲೆಕ್ಕ ಕೊಡುತ್ತೇವೆಂಬುದು ಆಗದ ಮಾತು. ಆದರೆ ಆ ಮೇಡಂ ಕೊಡುತ್ತಿದ್ದದ್ದು ಪಕ್ಕಾ ಲೆಕ್ಕವಲ್ಲ, ಅಂದಾಜು. ವ್ಯಾಪಾರಿಗೆ ಹಣ ಹೊಂದಿಸಿಕೊಳ್ಳಲು ಅಂದಾಜು ಸಾಕಾಗುತ್ತಿತ್ತು. ಅಭಿಪ್ರಾಯ ಕೇಳಿದ ಲಾಭ ಇಂಥ ಕಡೆ ಸಿಗುತ್ತದೆ: ನಾವು ಯಾವುದನ್ನು ಕೆಲಸವೆಂದು ತಿಳಿದಿದ್ದೆವೋ ಅದು 20ಕ್ಕೆ ರಿಟರ್ನು ಹಾಕುವುದು, ಅವರು ಹಣ ಕೊಡುತ್ತಿದ್ದದ್ದು ಎರಡು ದಿನ ಮೊದಲು ಬರುವ ಆ ಫೋನಿಗೆ.

ಎಲ್ಲ ಕರೆಯಲ್ಲೂ ಇಷ್ಟು ಸಿಗುವುದಿಲ್ಲ. ಅಳಿಯನ ತಮ್ಮ ಹೊಸದಾಗಿ ಆಫೀಸು ತೆರೆದಿದ್ದಾನೆಂದು ಕೆಲಸ ಅಲ್ಲಿಗೆ ಹೋಗಿದ್ದರೆ ಕಲಿಯಲು ಏನೂ ಇಲ್ಲ, ಒಳ್ಳೆಯದಾಗಲಿ ಎಂದು ಫೋನಿಡಬೇಕು. ಇನ್ನು ಕೆಲವರಿಗೆ ನಿಜಕ್ಕೂ ಫೀಸೇ ಕಾರಣ. ತಿಂಗಳಿಗೆ ಹತ್ತು ಬಿಲ್ಲಿನ ಸಣ್ಣ ಅಂಗಡಿಗೆ ನಮ್ಮ 2,500 ಹೆಚ್ಚೇ ಇರಬಹುದು. ಅದನ್ನು ಅವಮಾನವೆಂದು ತಿಳಿಯದೆ, ಅಂಥವರಿಗೆ ಬೇರೆ ದರ ಇರಬೇಕೇ ಎಂದು ಯೋಚಿಸುವುದು ಒಳ್ಳೆಯದು. ಒಬ್ಬರ ಮಾತಿನ ಮೇಲೆ ಇಡೀ ಆಫೀಸಿನ ಪದ್ಧತಿಯನ್ನೇ ತಿರುಗಿಸುವುದೂ ಬೇಡ. ವರ್ಷದಲ್ಲಿ ಬಿಟ್ಟುಹೋದ ನಾಲ್ಕೈದು ಜನರಲ್ಲಿ ಇಬ್ಬರು ಮೂವರ ನೆನಪು ಒಂದೇ ತಾರೀಕಿನ ಸುತ್ತ ಸುತ್ತುತ್ತಿದ್ದರೆ ಆಗ ನಂಬಬೇಕು.

ಫೋನ್ ಎತ್ತದಿದ್ದರೆ ಒಂದೇ ಒಂದು ಮೆಸೇಜು ಸಾಕು: “ಬಿಡುವಾದಾಗ ಮಾತಾಡೋಣ, ಇಲ್ಲದಿದ್ದರೂ ಪರವಾಗಿಲ್ಲ.” ಎರಡನೆಯದು ಕಳಿಸಿದರೆ ಅದು ವಸೂಲಿಯಂತೆ ಕೇಳಿಸುತ್ತದೆ. ಇಲ್ಲಿ ಅಭಿಪ್ರಾಯವೆಂಬ ಹೆಸರಿನಲ್ಲಿ ವಾಪಸ್ ಕರೆಯುವ ಪ್ರಯತ್ನವನ್ನೂ ಮಾಡಬಾರದು. ಪತ್ರದಲ್ಲಿ ಅದಕ್ಕಲ್ಲ ಎಂದು ಬರೆದು, ಫೋನಿನ ಕೊನೆಯಲ್ಲಿ “ಹಾಗಾದ್ರೆ ನಾವೂ 1,800ಕ್ಕೆ...” ಎಂದು ಶುರು ಮಾಡಿದರೆ, ಅವರು ಹೇಳಿದ ಮಾರ್ಚ್ 19ರ ಕಥೆಯನ್ನು ನಾವು ಕೇಳಿಸಿಕೊಂಡೇ ಇಲ್ಲ ಎಂದಾಗುತ್ತದೆ. ಬೇಕಾದರೆ ನಾಲ್ಕೈದು ತಿಂಗಳ ನಂತರ, ಪದ್ಧತಿ ನಿಜವಾಗಿ ಬದಲಾದ ಮೇಲೆ, “ನೀವು ಹೇಳಿದ ಮೇಲೆ ಎಲ್ಲ ಅಂಗಡಿಗೂ 16ರೊಳಗೆ ಅಂದಾಜು ಕಳಿಸುತ್ತಿದ್ದೇವೆ” ಎಂದು ಒಂದು ಸಾಲು ತಿಳಿಸಬಹುದು.

ಸಂಬಂಧ ಅಲ್ಲಿಗೆ ಮುಗಿಯುವುದೂ ಇಲ್ಲ. ಜಿಎಸ್‌ಟಿ ಕಾಯ್ದೆಯಂತೆ ಆ ವರ್ಷದ ಲೆಕ್ಕಪತ್ರಗಳನ್ನು, ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಹಳೆಯ ವರ್ಷದ ರಿಟರ್ನಿನಲ್ಲಿ ವ್ಯತ್ಯಾಸ ಕಂಡರೆ ಇಲಾಖೆ ಎಎಸ್‌ಎಂಟಿ-10 ನೋಟಿಸ್ ಕಳಿಸುತ್ತದೆ. ಅದು ಹೋಗುವುದು ಪೋರ್ಟಲಿನಲ್ಲಿರುವ ಈಗಿನ ನಂಬರಿಗೆ, ನೋಡುವವರು ಹೊಸ ಆಫೀಸಿನವರು. ಆ ವರ್ಷ ಯಾವ ಕ್ರೆಡಿಟ್ ಯಾಕೆ ಬಿಟ್ಟೆವು, ಯಾವ ಬಿಲ್ಲು ಯಾಕೆ ಮುಂದಿನ ತಿಂಗಳಿಗೆ ಹೋಯಿತು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಫೈಲು ಕೊಡುವ ದಿನವೇ ನಮ್ಮ ತಾಳೆಪಟ್ಟಿಗಳ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು, ಏನೇನು ಕೊಟ್ಟೆವೆಂಬ ಪಟ್ಟಿಗೆ ಯಜಮಾನರ ಸಹಿ ಹಾಕಿಸಿ ಅದರ ಜೊತೆಯೇ ಲಗತ್ತಿಸಬೇಕು. ಹಳೆಯ ನೋಟಿಸಿಗೆ ಉತ್ತರ ಬರೆಯುವ ಕೆಲಸಕ್ಕೆ ಫೀಸು ತೆಗೆದುಕೊಳ್ಳುವುದಿದ್ದರೆ ಎಷ್ಟೆಂದು ಆ ಪಟ್ಟಿಯ ಕೆಳಗೇ ಬರೆದಿಡುವುದು ಲೇಸು.